ಎಲ್ಲ ಷೇರುಗಳ ನಷ್ಟಕ್ಕೂ ಸೇರಿ ಒಂದೇ ಮಿತಿ: ಪೋರ್ಟ್‌ಫೋಲಿಯೊ ಹೀಟ್ ಲೆಕ್ಕ ಹಾಕುವ ಮತ್ತು ಇಳಿಸುವ ಕ್ರಮ

ಒಂದು ಖರೀದಿಯಲ್ಲಿ ಬಂಡವಾಳದ ಶೇ. 1ಕ್ಕಿಂತ ಹೆಚ್ಚು ಕಳೆದುಕೊಳ್ಳಬಾರದು ಎಂಬ ನಿಯಮವನ್ನು ಷೇರು ವಹಿವಾಟು ಮಾಡುವ ಬಹುತೇಕರು ಮೊದಲ ವರ್ಷದಲ್ಲೇ ಕಲಿಯುತ್ತಾರೆ. ಆದರೆ ಬೆಲೆ ಇಷ್ಟಕ್ಕೆ ಇಳಿದರೆ ಮಾರಿಬಿಡಬೇಕೆಂದು ಗೊತ್ತುಮಾಡುವ ಸ್ಟಾಪ್‌ಲಾಸ್ ದರವನ್ನು ಕೊಂಡ ಬೆಲೆಗಿಂತ ಶೇ. 10ರಷ್ಟು ಕೆಳಗಿಟ್ಟು, ತಲಾ ಶೇ. 1ರ ಅಪಾಯದಲ್ಲಿ ಹತ್ತು ಷೇರುಗಳನ್ನು ಹಿಡಿದಿರುವವರು ಆ ಹತ್ತೂ ಒಂದೇ ವಾರದಲ್ಲಿ ಸ್ಟಾಪ್‌ಲಾಸ್ ಮುಟ್ಟಿದರೆ ಬಂಡವಾಳದ ಶೇ. 10ನ್ನು ಕಳೆದುಕೊಳ್ಳುತ್ತಾರೆ, ಪ್ರತಿ ಖರೀದಿಯಲ್ಲೂ ನಿಯಮ ಪಾಲಿಸಿದ್ದರೂ ಕೂಡ. ಬಿಡಿಬಿಡಿಯಾಗಿ ಸರಿಯಾಗಿರುವ ಲೆಕ್ಕವು ಒಟ್ಟಾಗಿ ನೋಡಿದಾಗ ತಪ್ಪಾಗುವುದು ಇಲ್ಲಿಯೇ. ಕೈಯಲ್ಲಿರುವ ಎಲ್ಲ ಪೊಸಿಷನ್‌ಗಳ ಸ್ಟಾಪ್‌ಲಾಸ್ ಒಟ್ಟಿಗೆ ಮುಟ್ಟಿದರೆ ಆಗುವ ನಷ್ಟವನ್ನು ಬಂಡವಾಳದ ಶೇಕಡಾವಾರಿನಲ್ಲಿ ಹೇಳಿದರೆ ಅದನ್ನು ಪೋರ್ಟ್‌ಫೋಲಿಯೊ ಹೀಟ್ ಎನ್ನುತ್ತಾರೆ. ಆ ಅಂಕಿಗೆ ಮೇಲ್ಮಿತಿ ಹಾಕುವುದು ಸುಲಭ. ಮಿತಿ ಹತ್ತಿರವಾದಾಗ ಏನನ್ನು, ಯಾವ ಕ್ರಮದಲ್ಲಿ ಇಳಿಸಬೇಕು ಎಂಬುದನ್ನು ಮೊದಲೇ ಬರೆದಿಡದಿದ್ದರೆ ಆ ಮಿತಿಯಿಂದ ಪ್ರಯೋಜನವಿಲ್ಲ.

ಈ ಬರಹವು ಎನ್‌ಎಸ್‌ಇ ನಗದು ಮಾರುಕಟ್ಟೆಯಲ್ಲಿ ಡೆಲಿವರಿ ಪಡೆದು, ಕೆಲವು ದಿನಗಳಿಂದ ಕೆಲವು ವಾರಗಳವರೆಗೆ ಷೇರು ಹಿಡಿಯುವವರಿಗಾಗಿ ಇದೆ. ಫ್ಯೂಚರ್ಸ್ ವಹಿವಾಟಿನಲ್ಲಿ ಲಾಟ್ ಗಾತ್ರದಿಂದಾಗಿ ಸ್ವಲ್ಪ ಸ್ವಲ್ಪವೇ ಮಾರಲು ಆಗುವುದಿಲ್ಲ. ಆದ್ದರಿಂದ ಇಲ್ಲಿನ ಇಳಿಕೆಯ ನಿಯಮಗಳು ಅಲ್ಲಿಗೆ ಹಾಗೆಯೇ ಹೊಂದುವುದಿಲ್ಲ.

ಮೊದಲ ಹೆಜ್ಜೆ: ಯಾವುದು ಬಂಡವಾಳ ಎಂದು ಗೊತ್ತುಮಾಡಿಕೊಳ್ಳುವುದು

ಹೀಟ್ ಒಂದು ಭಿನ್ನರಾಶಿ. ಛೇದದಲ್ಲಿ ಕುಳಿತ ಮೊತ್ತ ತಪ್ಪಾದರೆ ಉಳಿದ ಲೆಕ್ಕವೆಲ್ಲ ವ್ಯರ್ಥ. ಈ ವಹಿವಾಟಿಗೆಂದೇ ತೆಗೆದಿಟ್ಟ ಖಾತೆಯಲ್ಲಿರುವ ನಗದು ಮತ್ತು ಅದರಿಂದ ಕೊಂಡ ಷೇರುಗಳ ಇಂದಿನ ಮುಕ್ತಾಯದ ಬೆಲೆ, ಇವೆರಡರ ಮೊತ್ತವೇ ಬಂಡವಾಳ. ಅದೇ ಡಿಮ್ಯಾಟ್ ಖಾತೆಯಲ್ಲಿ ಹತ್ತು ವರ್ಷದಿಂದ ಮಲಗಿರುವ ಷೇರುಗಳು, ಮ್ಯೂಚುವಲ್ ಫಂಡ್ ಮತ್ತು ಬ್ಯಾಂಕ್ ಠೇವಣಿ ಇದರಲ್ಲಿ ಸೇರುವುದಿಲ್ಲ. ಅವನ್ನು ಸೇರಿಸಿದರೆ ಛೇದ ಹಿಗ್ಗಿ, ಹೀಟ್ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಎಂಟಿಎಫ್ ಸೌಲಭ್ಯದಲ್ಲಿ ಬ್ರೋಕರ್‌ನಿಂದ ಸಾಲ ಪಡೆದು ಕೊಂಡಿದ್ದರೆ ಆ ಸಾಲದ ಮೊತ್ತವನ್ನು ಕಳೆಯಬೇಕು. ನಿನ್ನೆ ಮಾರಿದ ಷೇರಿನ ಹಣ ಇನ್ನೂ ಖಾತೆಗೆ ಬಂದಿಲ್ಲವಾದರೂ ಅದು ನಿಮ್ಮದೇ ನಗದು, ಅದನ್ನು ಸೇರಿಸಬೇಕು.

ಎರಡನೆಯ ಹೆಜ್ಜೆ: ಅಪಾಯವನ್ನು ಯಾವ ಬೆಲೆಯಿಂದ ಅಳೆಯುವುದು

ಈ ಹೆಜ್ಜೆಯನ್ನು ಹೆಚ್ಚಿನವರು ಯೋಚಿಸದೆ ದಾಟಿಬಿಡುತ್ತಾರೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ. ಒಂದು ಷೇರಿನ ಅಪಾಯದ ಮೊತ್ತವನ್ನು ಎರಡು ರೀತಿಯಲ್ಲಿ ಅಳೆಯಬಹುದು. ಕೊಂಡ ಬೆಲೆಯಿಂದ ಸ್ಟಾಪ್‌ಲಾಸ್‌ವರೆಗಿನ ಅಂತರವನ್ನು ಷೇರುಗಳ ಸಂಖ್ಯೆಯಿಂದ ಗುಣಿಸುವುದು ಒಂದು. ಇಂದಿನ ಬೆಲೆಯಿಂದ ಸ್ಟಾಪ್‌ಲಾಸ್‌ವರೆಗಿನ ಅಂತರವನ್ನು ಗುಣಿಸುವುದು ಇನ್ನೊಂದು. ಕೊಂಡ ದಿನ ಎರಡೂ ಒಂದೇ. ಬೆಲೆ ಏರಿದ ಮೇಲೆ ಎರಡೂ ಬೇರೆಯಾಗುತ್ತವೆ: ಮೊದಲನೆಯದು ಹಾಕಿದ ಹಣದಲ್ಲಿ ಎಷ್ಟು ಹೋಗಬಹುದು ಎಂದು ಹೇಳುತ್ತದೆ, ಎರಡನೆಯದು ಈಗ ಇರುವ ಹಣದಲ್ಲಿ ಎಷ್ಟು ಹೋಗಬಹುದು ಎಂದು ಹೇಳುತ್ತದೆ.

ನಾನು ಎರಡನೆಯದನ್ನು ಬಳಸುತ್ತೇನೆ, ಕಾರಣವೂ ನೇರವಾಗಿದೆ. ಛೇದದಲ್ಲಿ ಇಂದಿನ ಬೆಲೆಯ ಬಂಡವಾಳವನ್ನು ಇಟ್ಟ ಮೇಲೆ ಅಂಶದಲ್ಲಿಯೂ ಇಂದಿನ ಬೆಲೆಯೇ ಇರಬೇಕು. ಲಾಭ ಸೇರಿದ ಬಂಡವಾಳವನ್ನು ಛೇದಕ್ಕೆ ಹಾಕಿ, ಅಂಶದಲ್ಲಿ ಮಾತ್ರ ಕೊಂಡ ಬೆಲೆಯಿಂದ ಅಳೆದರೆ ಬೆಲೆ ಏರಿದಂತೆಲ್ಲ ಹೀಟ್ ತಾನಾಗಿಯೇ ಇಳಿಯುತ್ತದೆ. ಮಾರುಕಟ್ಟೆ ಉಬ್ಬಿದ ಹೊತ್ತಿನಲ್ಲಿ ಇನ್ನಷ್ಟು ಕೊಳ್ಳಿ ಎಂದು ಲೆಕ್ಕವೇ ಹೇಳಿದಂತಾಗುತ್ತದೆ. ಕೊಂಡ ಬೆಲೆಯಿಂದಲೇ ಅಳೆಯಬೇಕೆನ್ನುವವರು ಛೇದದಲ್ಲಿಯೂ ಇನ್ನೂ ಮಾರದ ಲಾಭವನ್ನು ಬಿಟ್ಟು ಲೆಕ್ಕ ಹಾಕಬೇಕು. ಆ ವಿಧಾನವೂ ತಪ್ಪಲ್ಲ. ಗೆದ್ದ ಷೇರನ್ನು ತಿಂಗಳುಗಟ್ಟಲೆ ಓಡಲು ಬಿಡುವ ಪದ್ಧತಿಯವರಿಗೆ ಅದೇ ಹೊಂದಬಹುದು. ಎರಡನ್ನೂ ಬೆರೆಸುವುದು ಮಾತ್ರ ತಪ್ಪು.

ಮೂರನೆಯ ಹೆಜ್ಜೆ: ಮಿತಿಯನ್ನು ನಿಗದಿ ಮಾಡುವುದು

ಮಿತಿಯನ್ನು ನಷ್ಟದ ಕಡೆಯಿಂದ ಹಿಂದಕ್ಕೆ ಲೆಕ್ಕ ಹಾಕಬೇಕು. ಎಲ್ಲ ಸ್ಟಾಪ್‌ಲಾಸ್‌ಗಳೂ ಒಮ್ಮೆ ಮುಟ್ಟಿ, ಮತ್ತೆ ಪೂರ್ತಿ ಕೊಂಡು, ಅವೂ ಮುಟ್ಟುವ ಎರಡು ಸುತ್ತಿನ ನಷ್ಟವನ್ನು ನೀವು ತಾಳಬಲ್ಲಿರಾ ಎಂದು ನೋಡಿ. ಶೇ. 6ರ ಮಿತಿಯಲ್ಲಿ ಎರಡು ಸುತ್ತಿನ ನಂತರ ಬಂಡವಾಳದ ಶೇ. 88.4 ಉಳಿಯುತ್ತದೆ, ಶೇ. 10ರ ಮಿತಿಯಲ್ಲಿ ಶೇ. 81 ಮಾತ್ರ. ಇದರ ಮೇಲೆ ಸ್ಟಾಪ್‌ಲಾಸ್ ದರಕ್ಕಿಂತ ಕೆಳಗೆ ಮಾರಾಟವಾಗುವ ಜಾರಿಕೆಯೂ ಸೇರುತ್ತದೆ. ಇಲ್ಲಿನ ಉದಾಹರಣೆಗೆ ಶೇ. 6ನ್ನು ತೆಗೆದುಕೊಂಡಿದ್ದೇನೆ.

ಇದರೊಳಗೆ ಇನ್ನೊಂದು ಮಿತಿ ಬೇಕು. ಒಂದೇ ಸುದ್ದಿಗೆ ಒಟ್ಟಿಗೆ ಅಲುಗಾಡುವ ಷೇರುಗಳನ್ನು ಒಂದು ಗುಂಪೆಂದು ಗುರುತಿಸಿ, ಆ ಗುಂಪಿಗೆ ಒಟ್ಟು ಮಿತಿಯ ಅರ್ಧ, ಅಂದರೆ ಶೇ. 3 ಮಾತ್ರ ಕೊಡಬೇಕು. 1983ರಲ್ಲಿ ಶಿಕಾಗೊದ ರಿಚರ್ಡ್ ಡೆನ್ನಿಸ್ ಮತ್ತು ವಿಲಿಯಂ ಎಕ್‌ಹಾರ್ಟ್ ಹೊಸಬರಿಗೆ ತರಬೇತಿ ಕೊಟ್ಟಾಗ ಇಂಥದ್ದೇ ಅಂತಸ್ತುಗಳನ್ನು ಇಟ್ಟಿದ್ದರು: ಒಂದು ಸರಕಿನಲ್ಲಿ 4 ಯೂನಿಟ್, ಅಂದರೆ ಸಮಾನ ಅಪಾಯದ 4 ಪಾಲು, ಹತ್ತಿರದ ನಂಟಿರುವ ಸರಕುಗಳಲ್ಲಿ ಒಟ್ಟು 6, ದೂರದ ನಂಟಿರುವವುಗಳಲ್ಲಿ 10, ಒಂದೇ ದಿಕ್ಕಿನಲ್ಲಿ ಒಟ್ಟು 12. ನಮ್ಮಲ್ಲಿ ಗುಂಪು ಮಾಡುವಾಗ ಕಂಪನಿಯ ವರ್ಗೀಕರಣಕ್ಕಿಂತ ಬೆಲೆ ಅಲುಗುವ ಕಾರಣವನ್ನು ನೋಡಬೇಕು. ಬಡ್ಡಿದರದ ಸುದ್ದಿಗೆ ಬ್ಯಾಂಕ್, ಎನ್‌ಬಿಎಫ್‌ಸಿ, ಗೃಹನಿರ್ಮಾಣ ಕಂಪನಿ ಮೂರೂ ಸೇರಿ ಬೀಳಬಹುದಾದ್ದರಿಂದ ಅವು ಮೂರು ಗುಂಪಲ್ಲ.

ನಾಲ್ಕನೆಯ ಹೆಜ್ಜೆ: ಹಾಳೆಯನ್ನು ಸಿದ್ಧಪಡಿಸುವುದು

ಸ್ಪ್ರೆಡ್‌ಶೀಟ್‌ನಲ್ಲಿ ಒಂದು ಷೇರಿಗೆ ಒಂದು ಸಾಲು ಸಾಕು. A ಕಾಲಂನಲ್ಲಿ ಹೆಸರು, B ಯಲ್ಲಿ ಗುಂಪು, C ಯಲ್ಲಿ ಸಂಖ್ಯೆ, D ಯಲ್ಲಿ ಇಂದಿನ ಮುಕ್ತಾಯದ ಬೆಲೆ, E ಯಲ್ಲಿ ಬ್ರೋಕರ್ ಬಳಿ ನಿಜವಾಗಿ ನೋಂದಾಗಿರುವ ಸ್ಟಾಪ್‌ಲಾಸ್. J1 ರಲ್ಲಿ ನಗದು ಬರೆಯಿರಿ, ಎಂಟಿಎಫ್ ಸಾಲವಿದ್ದರೆ ಅದನ್ನು ಕಳೆದು. ಉಳಿದದ್ದು ಸೂತ್ರಗಳು:

```
F2: =MAX(0,(D2-E2)*C2)
J2: =J1+SUMPRODUCT(C2:C19,D2:D19)
J3: =SUM(F2:F19)/J2
J4: =SUMIF(B2:B19,"ಬ್ಯಾಂಕ್",F2:F19)/J2
```

F2 ರ ಸೂತ್ರವನ್ನು F19 ರವರೆಗೆ ಎಳೆದರೆ ಆಯಿತು. J2 ಒಟ್ಟು ಬಂಡವಾಳ, J3 ಒಟ್ಟು ಹೀಟ್, J4 ಬ್ಯಾಂಕ್ ಗುಂಪಿನ ಹೀಟ್. MAX ಇರುವುದಕ್ಕೆ ಕಾರಣವಿದೆ: ಬೆಲೆ ಸ್ಟಾಪ್‌ಲಾಸ್‌ಗಿಂತ ಕೆಳಗೆ ಹೋಗಿಯೂ ಷೇರು ಮಾರಾಟವಾಗದೆ ಉಳಿದಿದ್ದರೆ ಅಂತರ ಋಣ ಸಂಖ್ಯೆಯಾಗಿ, ಬೇರೆ ಷೇರುಗಳ ಅಪಾಯವನ್ನು ಸುಳ್ಳಾಗಿ ಕಡಿಮೆ ತೋರಿಸುತ್ತದೆ. ಅಂಥ ಸಾಲಿನಲ್ಲಿ ಸೊನ್ನೆ ಕಂಡರೆ ಅದು ಸುರಕ್ಷತೆಯ ಗುರುತಲ್ಲ, ಸ್ಟಾಪ್‌ಲಾಸ್ ಕೆಲಸ ಮಾಡಿಲ್ಲ ಎಂಬ ಎಚ್ಚರಿಕೆ. ಮರುದಿನ ಬೆಳಗ್ಗೆ ಮೊದಲು ನೋಡಬೇಕಾದ ಸಾಲು ಅದೇ.

ಖರೀದಿಗೆಂದು ಹಾಕಿಟ್ಟು ಇನ್ನೂ ಜಾರಿಯಾಗದ ಜಿಟಿಟಿ ಆರ್ಡರ್‌ಗಳನ್ನೂ, ಅಂದರೆ ನಿಗದಿತ ದರ ಮುಟ್ಟಿದಾಗ ತಾನಾಗಿ ಹೋಗುವಂತೆ ಬ್ರೋಕರ್ ಬಳಿ ಇಟ್ಟ ಆರ್ಡರ್‌ಗಳನ್ನೂ, ಕೊಂಡಾಗಿದೆ ಎಂದೇ ಎಣಿಸಬೇಕು. ಮಾರುಕಟ್ಟೆ ಜಿಗಿಯುವ ದಿನ ಅಂಥ ಮೂರು ಆರ್ಡರ್‌ಗಳು ಒಂದೇ ಗಂಟೆಯಲ್ಲಿ ಜಾರಿಯಾಗಬಹುದು, ಆಗ ಲೆಕ್ಕ ಹಾಕಲು ಪುರುಸೊತ್ತು ಸಿಗುವುದಿಲ್ಲ.

ಐದನೆಯ ಹೆಜ್ಜೆ: ಮಿತಿಗೆ ಮುಂಚಿನ ಮೆಟ್ಟಿಲುಗಳನ್ನು ಬರೆದಿಡುವುದು

ಶೇ. 6ರವರೆಗೆ ಎಲ್ಲಕ್ಕೂ ಅನುಮತಿ, ನಂತರ ಯಾವುದಕ್ಕೂ ಇಲ್ಲ ಎಂಬ ಒಂದೇ ಗೋಡೆ ಕಟ್ಟಿದರೆ ಆ ಗೋಡೆಗೆ ಡಿಕ್ಕಿ ಹೊಡೆದಾಗಲೇ ಕೆಲಸ ಶುರುವಾಗುತ್ತದೆ. ಅದರ ಬದಲು ನಾನು ಇಟ್ಟುಕೊಂಡಿರುವ ಮೆಟ್ಟಿಲುಗಳು ಹೀಗಿವೆ. ಹೊಸದಾಗಿ ಕೊಂಡ ನಂತರದ ಹೀಟ್ ಶೇ. 4 ಅಥವಾ ಅದಕ್ಕಿಂತ ಕಡಿಮೆ ಇರುವುದಾದರೆ ಪೂರ್ಣ ಗಾತ್ರದಲ್ಲಿ, ಅಂದರೆ ಬಂಡವಾಳದ ಶೇ. 1ರ ಅಪಾಯದಲ್ಲಿ ಕೊಳ್ಳಬಹುದು. ಅದು ಶೇ. 4ನ್ನು ದಾಟಿ ಶೇ. 5ರ ಒಳಗೆ ಉಳಿಯುವುದಾದರೆ ಅರ್ಧ ಗಾತ್ರ ಮಾತ್ರ. ಶೇ. 5ರ ಮೇಲೆ ಹೊಸ ಖರೀದಿ ಇಲ್ಲ, ಬಾಕಿ ಇರುವ ಖರೀದಿಯ ಜಿಟಿಟಿಗಳನ್ನು ರದ್ದು ಮಾಡಬೇಕು, ಅಂದು ಸಂಜೆಯೇ ಪ್ರತಿ ಸ್ಟಾಪ್‌ಲಾಸ್ ಅನ್ನು ಮತ್ತೆ ಪರಿಶೀಲಿಸಬೇಕು. ಶೇ. 6ನ್ನು ದಾಟಿದರೆ ಮರುದಿನದ ವಹಿವಾಟು ಮುಗಿಯುವುದರೊಳಗೆ ಶೇ. 5ಕ್ಕೆ ಅಥವಾ ಅದಕ್ಕಿಂತ ಕೆಳಗೆ ತರಬೇಕು.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಿ. ಖರೀದಿಯ ನಿರ್ಧಾರಕ್ಕೆ ನೋಡುವುದು ಕೊಂಡ ನಂತರದ ಹೀಟ್ ಅನ್ನು. ಕೊಳ್ಳುವ ಮುಂಚಿನದ್ದನ್ನು ನೋಡಿದರೆ ಶೇ. 3.9ರಲ್ಲಿದ್ದೇನೆ ಎಂಬ ಧೈರ್ಯದಲ್ಲಿ ಶೇ. 4.9ಕ್ಕೆ ಹಾರಿರುತ್ತೀರಿ. ಇಳಿಸುವಾಗ ಗುರಿ ಶೇ. 5, ಶೇ. 5.9 ಅಲ್ಲ. ಮಿತಿಯ ಅಂಚಿಗೆ ಮಾತ್ರ ಇಳಿಸಿದರೆ ಮರುದಿನ ಬೆಲೆ ಸ್ವಲ್ಪ ಏರಿದರೂ ಮತ್ತೆ ಮಿತಿ ದಾಟಿ, ಪ್ರತಿದಿನ ನಾಲ್ಕು ಷೇರು ಮಾರುತ್ತ ಬ್ರೋಕರ್‌ಗೂ ತೆರಿಗೆಗೂ ಹಣ ಕಟ್ಟುವ ಸ್ಥಿತಿ ಬರುತ್ತದೆ.

ಒಂದು ಖಾತೆಯ ಮೂರು ವಾರಗಳು

10,00,000 ರೂಪಾಯಿ ಬಂಡವಾಳದ ಒಂದು ಖಾತೆಯನ್ನು ತೆಗೆದುಕೊಳ್ಳೋಣ; ಬೆಲೆಗಳು ಲೆಕ್ಕಕ್ಕೆಂದು ಮಾಡಿಕೊಂಡವು. ಮೊದಲ ವಾರ ಒಂದು ಖಾಸಗಿ ಬ್ಯಾಂಕಿನ 250 ಷೇರುಗಳನ್ನು 800 ರೂಪಾಯಿಗೆ ಕೊಂಡು 760ಕ್ಕೆ ಸ್ಟಾಪ್‌ಲಾಸ್ ಇಟ್ಟಿದ್ದೇವೆ. ಒಂದು ಸರ್ಕಾರಿ ಬ್ಯಾಂಕಿನ 400 ಷೇರು 400ಕ್ಕೆ, ಸ್ಟಾಪ್‌ಲಾಸ್ 375. ಐಟಿ ಕಂಪನಿಯ 125 ಷೇರು 1,500ಕ್ಕೆ, ಸ್ಟಾಪ್‌ಲಾಸ್ 1,420. ಔಷಧ ಕಂಪನಿಯ 200 ಷೇರು 1,000ಕ್ಕೆ, ಸ್ಟಾಪ್‌ಲಾಸ್ 950. ಪ್ರತಿಯೊಂದರಲ್ಲೂ ಅಪಾಯ 10,000 ರೂಪಾಯಿ, ಒಟ್ಟು 40,000, ಹೀಟ್ ಶೇ. 4. ಐದನೆಯದಾಗಿ ವಾಹನದ ಬಿಡಿಭಾಗ ಮಾಡುವ ಕಂಪನಿಯೊಂದು ಕಣ್ಣಿಗೆ ಬಿತ್ತು. ಪೂರ್ಣ ಗಾತ್ರದಲ್ಲಿ ಕೊಂಡರೆ ಹೀಟ್ ಶೇ. 4ನ್ನು ದಾಟುವುದರಿಂದ ಅರ್ಧ ಗಾತ್ರ: 600 ರೂಪಾಯಿಗೆ 200 ಷೇರು, ಸ್ಟಾಪ್‌ಲಾಸ್ 575, ಅಪಾಯ 5,000. ಈಗ ಹೀಟ್ ಶೇ. 4.5, ಕೈಯಲ್ಲಿ ಉಳಿದ ನಗದು 1,32,500.

ಎರಡು ವಾರದ ನಂತರ, ಒಂದೂ ಹೊಸ ಷೇರು ಕೊಳ್ಳದೆ, ಒಂದೂ ಸ್ಟಾಪ್‌ಲಾಸ್ ಕದಲಿಸದೆ ಇದ್ದಾಗ ಹಾಳೆ ಹೀಗೆ ಕಾಣುತ್ತದೆ:

| ಷೇರು | ಸಂಖ್ಯೆ | ಇಂದಿನ ಬೆಲೆ | ಸ್ಟಾಪ್‌ಲಾಸ್ | ಅಪಾಯದ ಮೊತ್ತ |
|---|---|---|---|---|
| ಖಾಸಗಿ ಬ್ಯಾಂಕ್ | 250 | 860 | 760 | 25,000 |
| ಸರ್ಕಾರಿ ಬ್ಯಾಂಕ್ | 400 | 425 | 375 | 20,000 |
| ಐಟಿ | 125 | 1,480 | 1,420 | 7,500 |
| ಔಷಧ | 200 | 1,010 | 950 | 12,000 |
| ವಾಹನ ಬಿಡಿಭಾಗ | 200 | 605 | 575 | 6,000 |

ಒಟ್ಟು ಅಪಾಯ 70,500. ಷೇರುಗಳ ಮೌಲ್ಯ 8,93,000 ಮತ್ತು ನಗದು ಸೇರಿ ಬಂಡವಾಳ 10,25,500. ಹೀಟ್ ಶೇ. 6.87ಕ್ಕೆ ಏರಿ ಮಿತಿಯನ್ನು ದಾಟಿದೆ. ಹೊಸ ಖರೀದಿಯಿಂದ ಮಾತ್ರ ಹೀಟ್ ಏರುತ್ತದೆ ಎಂದುಕೊಂಡವರು ಈ ಏರಿಕೆಯನ್ನು ಗಮನಿಸುವುದೇ ಇಲ್ಲ. ಕೊಂಡ ಬೆಲೆಯಿಂದ ಅಳೆಯುವವರ ಹಾಳೆಯಲ್ಲಿ ಅಪಾಯ ಇನ್ನೂ 45,000ವೇ ಇದೆ. ಎರಡೂ ಲೆಕ್ಕಗಳು ಒಂದೇ ತಳವನ್ನು ತೋರಿಸುತ್ತವೆ ಎಂಬುದೂ ನಿಜ: ಎಲ್ಲ ಸ್ಟಾಪ್‌ಲಾಸ್ ಮುಟ್ಟಿದರೆ ಉಳಿಯುವುದು 9,55,000, ಅದನ್ನು 10,00,000ದಿಂದ ಅಳೆದರೂ 10,25,500ರಿಂದ ಅಳೆದರೂ. ಆದರೆ ಇಂದು ಖಾತೆಯಲ್ಲಿರುವುದು 10,25,500. ಅಲ್ಲಿಂದ ಬೀಳುವ ಎತ್ತರವನ್ನೇ ನಾವು ಮಿತಿಯಲ್ಲಿ ಇಡಬೇಕಾಗಿದೆ.

ಗುಂಪಿನ ಮಿತಿಯೂ ಮುರಿದಿದೆ. ಎರಡು ಬ್ಯಾಂಕ್‌ಗಳ ಅಪಾಯ 45,000, ಅಂದರೆ ಶೇ. 4.39. ಹೀಗಾಗಿ ಕೆಲಸ ಎಲ್ಲಿಂದ ಶುರುವಾಗಬೇಕೆಂಬ ಪ್ರಶ್ನೆಗೆ ಹಾಳೆಯೇ ಉತ್ತರ ಕೊಟ್ಟಿದೆ.

ಆರನೆಯ ಹೆಜ್ಜೆ: ಇಳಿಸುವ ಕ್ರಮ

ಮೊದಲು ಸ್ಟಾಪ್‌ಲಾಸ್ ಏರಿಸಲು ಸಾಧ್ಯವೇ ಎಂದು ನೋಡಬೇಕು, ಆಮೇಲೆ ಮಾರುವ ಯೋಚನೆ. ಆದರೆ ಸ್ಟಾಪ್‌ಲಾಸ್ ಏರಿಸಲು ಚಾರ್ಟ್‌ನಲ್ಲಿ ಕಾರಣವಿರಬೇಕು. ಹೀಟ್ ಇಳಿಸಬೇಕು ಎಂಬುದು ಕಾರಣವಲ್ಲ. ಖಾಸಗಿ ಬ್ಯಾಂಕಿನ ಷೇರು ಕಳೆದ ವಾರ 820ರವರೆಗೆ ಇಳಿದು ಅಲ್ಲಿಂದ ಮೇಲೆದ್ದಿದೆ ಎಂದುಕೊಳ್ಳಿ. ಆ ತಗ್ಗಿನ ಕೆಳಗೆ 815ಕ್ಕೆ ಸ್ಟಾಪ್‌ಲಾಸ್ ಏರಿಸಿದರೆ ಅದರ ಅಪಾಯ 25,000ದಿಂದ 11,250ಕ್ಕೆ ಇಳಿಯುತ್ತದೆ. ಸರ್ಕಾರಿ ಬ್ಯಾಂಕಿನ ಷೇರು ನಡುವೆ ಎಲ್ಲೂ ನಿಲ್ಲದೆ ಏರಿರುವುದರಿಂದ ಹತ್ತಿರದ ಬೆಂಬಲ ಮಟ್ಟ ಇರುವುದು 385ರ ಮೇಲೆಯೇ. ಸ್ಟಾಪ್‌ಲಾಸ್ 385ಕ್ಕೆ ಏರಿದರೆ ಅಪಾಯ 16,000. ಇದನ್ನು 415ಕ್ಕೆ ಏರಿಸಿದರೆ ಹಾಳೆಯಲ್ಲಿ 4,000 ಎಂದು ಕಾಣುತ್ತದೆ, ಆದರೆ ಆ ಷೇರು ದಿನಕ್ಕೆ ಹತ್ತು ರೂಪಾಯಿ ಅಲುಗಾಡುವುದು ಸಹಜವಾದರೆ ನಾಳೆಯೇ ಹೊರಬೀಳುತ್ತೀರಿ. ಅಂಥ ಸ್ಟಾಪ್‌ಲಾಸ್ ಇಡುವ ಬದಲು ಸ್ವಲ್ಪ ಭಾಗವನ್ನು ನೇರವಾಗಿ ಮಾರುವುದು ಹೆಚ್ಚು ಪ್ರಾಮಾಣಿಕ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಎರಡು ಸ್ಟಾಪ್‌ಲಾಸ್ ಏರಿಸಿದ ಮೇಲೆ ಒಟ್ಟು ಅಪಾಯ 52,750, ಹೀಟ್ ಶೇ. 5.14. ಬ್ಯಾಂಕ್ ಗುಂಪು ಶೇ. 2.66ಕ್ಕೆ ಇಳಿದು ತನ್ನ ಮಿತಿಯೊಳಗೆ ಬಂದಿದೆ. ಶೇ. 5ರ ಗುರಿ ಎಂದರೆ 51,275. ಇನ್ನೂ 1,475 ರೂಪಾಯಿಯ ಅಪಾಯ ಕಡಿಮೆಯಾಗಬೇಕು. ಈಗ ಮಾರಾಟ. ಯಾವುದನ್ನು?

ಕೊಂಡ ಬೆಲೆಗಿಂತ ಕೆಳಗಿರುವುದು ಐಟಿ ಷೇರು ಮಾತ್ರ, ಆದ್ದರಿಂದ ಅದನ್ನೇ ಮಾರಬೇಕು ಎಂದು ಮನಸ್ಸು ಹೇಳುತ್ತದೆ. ಆದರೆ ಅದರ ಸ್ಟಾಪ್‌ಲಾಸ್ ಹತ್ತಿರದಲ್ಲಿದೆ. 1,85,000 ರೂಪಾಯಿಯ ಹೂಡಿಕೆಯಲ್ಲಿ 7,500 ಮಾತ್ರ ಅಪಾಯದಲ್ಲಿದೆ. ಸರ್ಕಾರಿ ಬ್ಯಾಂಕಿನಲ್ಲಿ 1,70,000ಕ್ಕೆ 16,000 ಅಪಾಯದಲ್ಲಿದೆ. 4,000 ರೂಪಾಯಿಯ ಅಪಾಯ ಇಳಿಸಲು ಸರ್ಕಾರಿ ಬ್ಯಾಂಕಿನ 100 ಷೇರು, ಅಂದರೆ 42,500 ರೂಪಾಯಿಯ ಷೇರು ಮಾರಿದರೆ ಸಾಕು. ಅಷ್ಟೇ ಅಪಾಯವನ್ನು ಐಟಿ ಷೇರಿನಲ್ಲಿ ಇಳಿಸಲು ಸುಮಾರು 99,000 ರೂಪಾಯಿಯ ಷೇರು ಮಾರಬೇಕು. ಹೀಟ್ ಇಳಿಸುವುದೇ ಉದ್ದೇಶವಾದಾಗ ಪ್ರತಿ ರೂಪಾಯಿ ಮಾರಾಟಕ್ಕೆ ಹೆಚ್ಚು ಅಪಾಯ ಇಳಿಯುವ ಕಡೆಯೇ ಮಾರಬೇಕು. ಐಟಿ ಷೇರು ಸೋಲುತ್ತಿದ್ದರೆ ಅದನ್ನು ಹೊರಹಾಕಲು ಅದರದೇ ಸ್ಟಾಪ್‌ಲಾಸ್ ಇದೆ.

ಆದ್ದರಿಂದ ಸರ್ಕಾರಿ ಬ್ಯಾಂಕಿನ ಕಾಲು ಭಾಗ, 100 ಷೇರು, ಮಾರುತ್ತೇವೆ. ಒಟ್ಟು ಅಪಾಯ 48,750, ಹೀಟ್ ಶೇ. 4.75. ಬೇಕಾದ 37 ಷೇರುಗಳ ಬದಲು 100 ಮಾರಿದ್ದು ಗುರಿಯ ಅಂಚಿನಲ್ಲಿ ನಿಲ್ಲಬಾರದೆಂಬ ಕಾರಣಕ್ಕೆ. ಬೆಳಗ್ಗೆ 9.15ರ ಮೊದಲ ನಿಮಿಷಗಳಲ್ಲಿ ಬೆಲೆ ಹೊಯ್ದಾಡುವುದರಿಂದ ಇಂಥ ಮಾರಾಟವನ್ನು ಅರ್ಧ ಗಂಟೆ ಬಿಟ್ಟು, ಇದಕ್ಕಿಂತ ಕಡಿಮೆಗೆ ಮಾರಬೇಡಿ ಎಂದು ದರ ಗೊತ್ತುಮಾಡುವ ಲಿಮಿಟ್ ಆರ್ಡರ್ ಮೂಲಕ ಮಾಡುವುದು ಒಳ್ಳೆಯದು. ಗೆಲ್ಲುತ್ತಿರುವ ಷೇರನ್ನು ಮಾರಿದ್ದಕ್ಕೆ ಮುಂದೆ ಬೇಸರವಾಗಬಹುದು. ಈ ವಿಧಾನದ ನಿಜವಾದ ಬೆಲೆ ಅದೇ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಮಾರಿದ ಮೇಲೆ ಮರೆಯಬಾರದ ಕೆಲಸವೆಂದರೆ ಜಿಟಿಟಿಯಲ್ಲಿ 400 ಎಂದಿರುವುದನ್ನು 300ಕ್ಕೆ ತಿದ್ದುವುದು.

ಸ್ಟಾಪ್‌ಲಾಸ್ ನಿಜವಾಗಿ ಇದೆಯೇ?

ಹೀಟ್‌ನ ಅಂಕಿಯನ್ನು ಎಷ್ಟು ನಂಬಬಹುದು ಎಂಬುದು E ಕಾಲಂನ ಸತ್ಯವನ್ನು ಅವಲಂಬಿಸಿದೆ. ಎನ್‌ಎಸ್‌ಇಗೆ ಕಳುಹಿಸಿದ ಸ್ಟಾಪ್‌ಲಾಸ್ ಆರ್ಡರ್ ಆ ದಿನಕ್ಕೆ ಮಾತ್ರ ಜೀವಂತ, ಸಂಜೆ ಅದು ರದ್ದಾಗುತ್ತದೆ. ಆದ್ದರಿಂದ ವಾರಗಟ್ಟಲೆ ಷೇರು ಹಿಡಿಯುವವರು ಬ್ರೋಕರ್‌ನ ಜಿಟಿಟಿ ಸೌಲಭ್ಯ ಬಳಸುತ್ತಾರೆ. ಜಿಟಿಟಿಯಲ್ಲಿ ಟ್ರಿಗರ್ ದರ ಮುಟ್ಟಿದಾಗ ಸಾಮಾನ್ಯವಾಗಿ ಹೋಗುವುದು ಲಿಮಿಟ್ ಆರ್ಡರ್. ಟ್ರಿಗರ್ 385 ಮತ್ತು ಲಿಮಿಟ್ 384.50 ಎಂದಿಟ್ಟು, ಬೆಲೆ ಬೆಳಗ್ಗೆ 378ಕ್ಕೆ ತೆರೆದುಕೊಂಡರೆ ಆರ್ಡರ್ ಹೋಗುತ್ತದೆ, ಮಾರಾಟ ಆಗುವುದಿಲ್ಲ. ಲಿಮಿಟ್ ದರವನ್ನು ಟ್ರಿಗರ್‌ಗಿಂತ ಕೆಲವು ಶೇಕಡಾ ಕೆಳಗಿಡಬೇಕು. ಮಾರಿದ ಷೇರನ್ನು ಡಿಮ್ಯಾಟ್‌ನಿಂದ ತೆಗೆಯಲು ಬ್ರೋಕರ್‌ಗೆ ಅಧಿಕಾರ ಕೊಡುವ ಡಿಡಿಪಿಐ ಪತ್ರಕ್ಕೆ ಸಹಿ ಹಾಕದೆ, ಆ ದಿನ ಟಿಪಿನ್ ಎಂಬ ಗುಪ್ತ ಸಂಖ್ಯೆಯ ಮೂಲಕ ಒಪ್ಪಿಗೆಯನ್ನೂ ಕೊಡದೆ ಇದ್ದರೆ ಡಿಮ್ಯಾಟ್‌ನಲ್ಲಿರುವ ಷೇರಿನ ಮಾರಾಟದ ಆರ್ಡರ್ ತಿರಸ್ಕೃತವಾಗಬಹುದು. ಬೋನಸ್ ಅಥವಾ ಷೇರು ವಿಭಜನೆ ಆದಾಗ ಬೆಲೆಯೂ ಸಂಖ್ಯೆಯೂ ಬದಲಾಗುವುದರಿಂದ ಜಿಟಿಟಿಯನ್ನು ಹೊಸದಾಗಿ ಹಾಕಬೇಕು.

ಸ್ಟಾಪ್‌ಲಾಸ್ ದಾಟಿ ಬೀಳುವ ದಿನಗಳು

ಸ್ಟಾಪ್‌ಲಾಸ್ ಸರಿಯಾಗಿ ನೋಂದಾಗಿದ್ದರೂ ಬೆಲೆ ಅದರ ಮೇಲಿಂದ ಜಿಗಿದು ಕೆಳಗೆ ತೆರೆದುಕೊಂಡರೆ ಹೀಟ್ ಹೇಳಿದ್ದಕ್ಕಿಂತ ಹೆಚ್ಚು ನಷ್ಟವಾಗುತ್ತದೆ. 2020ರ ಮಾರ್ಚ್ 23ರಂದು ನಿಫ್ಟಿ ಭಾರಿ ಕುಸಿತದಲ್ಲೇ ತೆರೆದು, ಸ್ವಲ್ಪ ಹೊತ್ತಿನಲ್ಲೇ ಶೇ. 10ರ ಮಿತಿ ಮುಟ್ಟಿ ವಹಿವಾಟು 45 ನಿಮಿಷ ನಿಂತಿತು. ಅಂದು ನಿಫ್ಟಿ ಸುಮಾರು ಶೇ. 13 ಕಳೆದುಕೊಂಡಿತು. ಬೆಂಗಳೂರಿನ ಇನ್ಫೋಸಿಸ್ ಷೇರು 2023ರ ಏಪ್ರಿಲ್ 17ರಂದು, ತ್ರೈಮಾಸಿಕ ಫಲಿತಾಂಶದ ನಂತರದ ಮೊದಲ ವಹಿವಾಟಿನ ದಿನ, ದೊಡ್ಡ ಜಿಗಿತದಲ್ಲಿ ಕೆಳಗೆ ತೆರೆದು ಶೇ. 9ಕ್ಕೂ ಹೆಚ್ಚು ಕುಸಿದು ಮುಚ್ಚಿತು. ಹಿಂದಿನ ಮುಕ್ತಾಯಕ್ಕಿಂತ ಶೇ. 4 ಕೆಳಗೆ ಸ್ಟಾಪ್‌ಲಾಸ್ ಇಟ್ಟವರಿಗೆ ಆ ದರ ಸಿಗುವ ಪ್ರಶ್ನೆಯೇ ಇರಲಿಲ್ಲ.

ಇದಕ್ಕಾಗಿ ಎರಡು ತಿದ್ದುಪಡಿಗಳು ಸಾಕು. ಫಲಿತಾಂಶದ ಹಿಂದಿನ ಸಂಜೆ ಆ ಷೇರಿನ ಅಪಾಯವನ್ನು ಸ್ಟಾಪ್‌ಲಾಸ್‌ನಿಂದ ಅಳೆಯದೆ ಶೇ. 10ರ ಕುಸಿತದಿಂದ ಅಳೆಯಿರಿ. ನಮ್ಮ ಐಟಿ ಷೇರಿನ ಫಲಿತಾಂಶ ಮೂರನೆಯ ವಾರದಲ್ಲಿದೆ, ಬೆಲೆಗಳು ಅಲ್ಲಿಯೇ ನಿಂತಿವೆ ಎಂದುಕೊಳ್ಳೋಣ. ಷೇರಿಗೆ 148 ರೂಪಾಯಿಯಂತೆ 125 ಷೇರಿಗೆ 18,500. ಆಗ ಒಟ್ಟು ಅಪಾಯ 48,750ರಿಂದ 59,750ಕ್ಕೆ, ಹೀಟ್ ಶೇ. 5.83ಕ್ಕೆ ಏರುತ್ತದೆ. ಮಿತಿ ದಾಟಿಲ್ಲವಾದರೂ ಶೇ. 5ರ ಮೇಲಿದೆ, ಇಲ್ಲಿ ಸ್ಟಾಪ್‌ಲಾಸ್ ಏರಿಸಿ ಪ್ರಯೋಜನವೂ ಇಲ್ಲ. 62 ಷೇರು ಮಾರಿ 63 ಉಳಿಸಿಕೊಂಡರೆ ಅದರ ಅಪಾಯ 9,324, ಒಟ್ಟು ಹೀಟ್ ಶೇ. 4.93. ಫಲಿತಾಂಶದ ಬೆಲೆ ನೆಲೆಗೊಂಡ ಮೇಲೆ ಮತ್ತೆ ಸ್ಟಾಪ್‌ಲಾಸ್‌ನಿಂದಲೇ ಅಳೆಯಬಹುದು.

ಎರಡನೆಯ ತಿದ್ದುಪಡಿ, ಶೇ. 5ರ ಪ್ರೈಸ್ ಬ್ಯಾಂಡ್ ಇರುವ, ಅಂದರೆ ಒಂದು ದಿನದಲ್ಲಿ ಶೇ. 5ಕ್ಕಿಂತ ಹೆಚ್ಚು ಏರಲೂ ಇಳಿಯಲೂ ಬಿಡದ ಸಣ್ಣ ಷೇರುಗಳಿಗೆ. ಅಂಥ ಷೇರು ಆ ಮಿತಿಯ ಕೆಳ ಅಂಚಾದ ಲೋವರ್ ಸರ್ಕ್ಯೂಟ್‌ನಲ್ಲಿ ಸಿಕ್ಕಿಬಿದ್ದರೆ ಕೊಳ್ಳುವವರೇ ಇರುವುದಿಲ್ಲ, ಸ್ಟಾಪ್‌ಲಾಸ್ ಸಾಲಿನಲ್ಲಿ ಕಾಯುತ್ತ ನಿಲ್ಲುತ್ತದೆ. ಸ್ಟಾಪ್‌ಲಾಸ್ ಎಷ್ಟೇ ಹತ್ತಿರವಿದ್ದರೂ ಕನಿಷ್ಠ ಎರಡು ಲೋವರ್ ಸರ್ಕ್ಯೂಟ್‌ನ ಕುಸಿತವನ್ನು, ಅಂದರೆ ಶೇ. 9.75ನ್ನು, ಅಪಾಯವೆಂದು ಎಣಿಸಿ.

ಇದರ ಜೊತೆಗೆ ಹಾಳೆಯ ಮೂಲೆಯಲ್ಲಿ ಇನ್ನೊಂದು ಅಂಕಿ ಇರಲಿ: ಎಲ್ಲ ಷೇರುಗಳೂ ಶೇ. 10 ಕುಸಿದು ತೆರೆದರೆ ಆಗುವ ನಷ್ಟ. ನಮ್ಮ ಖಾತೆಯಲ್ಲಿ ಬ್ಯಾಂಕ್ ಷೇರು ಮಾರಿದ ನಂತರವೂ 8,50,500 ರೂಪಾಯಿಯ ಷೇರುಗಳಿದ್ದವು, ಶೇ. 10ರ ಕುಸಿತಕ್ಕೆ 85,050, ಬಂಡವಾಳದ ಶೇ. 8.3. ಹೀಟ್ ಶೇ. 4.75 ಎಂದು ಹೇಳುತ್ತಿದ್ದ ಹೊತ್ತಿನಲ್ಲಿಯೇ ಇದು ಶೇ. 8.3 ಎನ್ನುತ್ತಿತ್ತು. ಸ್ಟಾಪ್‌ಲಾಸ್ ಏರಿಸಿ ಹೀಟ್ ಇಳಿಸಿದಾಗ ಈ ಅಂಕಿ ಒಂದು ಪೈಸೆಯಷ್ಟೂ ಇಳಿಯುವುದಿಲ್ಲ, ಮಾರಾಟದಿಂದ ಮಾತ್ರ ಇಳಿಯುತ್ತದೆ. ಎಂಟಿಎಫ್ ಸಾಲದಲ್ಲಿ ಹತ್ತಿರದ ಸ್ಟಾಪ್‌ಲಾಸ್ ಇಟ್ಟು ಹೆಚ್ಚು ಷೇರು ಕೊಳ್ಳುವವರಿಗೆ ಹೀಟ್ ಚಿಕ್ಕದಾಗಿಯೂ ಈ ಅಂಕಿ ಬಹಳ ದೊಡ್ಡದಾಗಿಯೂ ಇರುತ್ತದೆ, ಅವರು ಮೊದಲು ನೋಡಬೇಕಾದದ್ದು ಇದನ್ನೇ.

ಇಂದಿನ ಬೆಲೆಯಿಂದ ಅಳೆಯುವುದರ ಉಪಯೋಗವನ್ನು 2024ರ ಜೂನ್ ಚೆನ್ನಾಗಿ ತೋರಿಸುತ್ತದೆ. ಮತಗಟ್ಟೆ ಸಮೀಕ್ಷೆಗಳ ನಂತರ ಜೂನ್ 3ರಂದು ನಿಫ್ಟಿ ಶೇ. 3ಕ್ಕೂ ಹೆಚ್ಚು ಏರಿತು. ಮರುದಿನ ಲೋಕಸಭಾ ಚುನಾವಣೆಯ ಮತ ಎಣಿಕೆಯ ನಡುವೆ ಸುಮಾರು ಶೇ. 6 ಕುಸಿಯಿತು, ಸರ್ಕಾರಿ ಬ್ಯಾಂಕ್‌ಗಳ ಸೂಚ್ಯಂಕ ಸುಮಾರು ಶೇ. 15 ಬಿತ್ತು. ಸ್ಟಾಪ್‌ಲಾಸ್ ಕದಲಿಸದೆ ಕುಳಿತಿದ್ದವರ ಹೀಟ್ ಜೂನ್ 3ರ ಏರಿಕೆಯಿಂದಲೇ ಹಿಗ್ಗಿತ್ತು. ಅಂದು ಸಂಜೆ ಹಾಳೆ ತೆರೆದು ನೋಡಿದವರಿಗೆ ಮರುದಿನದ ದಿಕ್ಕು ತಿಳಿಯುವಂತಿರಲಿಲ್ಲ, ಆದರೆ ಎಷ್ಟು ಎತ್ತರದಲ್ಲಿ ನಿಂತಿದ್ದೇವೆ ಎಂಬುದು ಅಂಕಿಯಲ್ಲೇ ಕಾಣುತ್ತಿತ್ತು. ಇಂಥ ದಿನಗಳ ಮುನ್ನ ಮರುದಿನದವರೆಗೆ ಕಾಯುವ ಸೌಲಭ್ಯವಿಲ್ಲ. ಮತ ಎಣಿಕೆ, ಬಜೆಟ್, ರಿಸರ್ವ್ ಬ್ಯಾಂಕಿನ ಬಡ್ಡಿದರ ನಿರ್ಧಾರ ಇವುಗಳ ಹಿಂದಿನ ದಿನ ಮಧ್ಯಾಹ್ನ 3ರ ಹೊತ್ತಿಗೇ ಲೆಕ್ಕ ಹಾಕಿ, 3.30ರೊಳಗೆ ಇಳಿಸಬೇಕು.

ನಷ್ಟದ ನಂತರ ಮಿತಿ ಮತ್ತು ಮರುಖರೀದಿ

ಬಂಡವಾಳ ತನ್ನ ಗರಿಷ್ಠ ಮಟ್ಟದಿಂದ ಶೇ. 5 ಇಳಿದಾಗ ಮಿತಿಯನ್ನು ಶೇ. 6ರಿಂದ 4.5ಕ್ಕೂ, ಶೇ. 10 ಇಳಿದಾಗ ಶೇ. 3ಕ್ಕೂ ತರಬೇಕು, ಒಳಗಿನ ಮೆಟ್ಟಿಲುಗಳೂ ಗುಂಪಿನ ಮಿತಿಯೂ ಅದೇ ಪ್ರಮಾಣದಲ್ಲಿ ಕುಗ್ಗುತ್ತವೆ. ನಷ್ಟದಲ್ಲಿರುವಾಗ ಛೇದ ಚಿಕ್ಕದಾಗಿರುವುದರಿಂದ ಅಷ್ಟೇ ರೂಪಾಯಿಯ ಅಪಾಯವೂ ಹೆಚ್ಚಿನ ಹೀಟ್ ಆಗಿ ಕಾಣುತ್ತದೆ ಎಂಬುದನ್ನು ನೆನಪಿಡಿ. ಎಷ್ಟೇ ಒತ್ತಡವಿದ್ದರೂ ಸ್ಟಾಪ್‌ಲಾಸ್ ಅನ್ನು ಕೆಳಗೆ ಸರಿಸುವುದು ಈ ವ್ಯವಸ್ಥೆಯಲ್ಲಿ ಇಲ್ಲ.

ಇಳಿಸಿದ ಮೇಲೆ ಮತ್ತೆ ಯಾವಾಗ ಕೊಳ್ಳಬಹುದು ಎಂಬುದಕ್ಕೂ ನಿಯಮ ಬೇಕು. ಶೇ. 6ನ್ನು ದಾಟಿ ಬಲವಂತವಾಗಿ ಇಳಿಸಿದ ಖಾತೆಯಲ್ಲಿ ಶೇ. 4.75ರಲ್ಲಿದ್ದೇನೆ, ಅರ್ಧ ಗಾತ್ರ ಕೊಳ್ಳಬಹುದಲ್ಲ ಎಂದು ಮರುದಿನವೇ ಹೊರಡಬಾರದು. ಸ್ಟಾಪ್‌ಲಾಸ್‌ಗಳು ಏರಿ ಅಥವಾ ಕೆಲವು ಷೇರುಗಳು ಹೊರಬಿದ್ದು ಹೀಟ್ ಒಮ್ಮೆ ಶೇ. 4ಕ್ಕಿಂತ ಕೆಳಗೆ ಮುಕ್ತಾಯವಾಗಬೇಕು. ಅದರ ಮರುದಿನದಿಂದ ಮೊದಲ ಮೆಟ್ಟಿಲಿನ ನಿಯಮ ಮತ್ತೆ ಜಾರಿಗೆ ಬರುತ್ತದೆ, ಮೊದಲ ಖರೀದಿ ಮಾತ್ರ ಅರ್ಧ ಗಾತ್ರದಲ್ಲಿರಬೇಕು ಮತ್ತು ಮಿತಿ ಮುರಿದಿದ್ದ ಗುಂಪಿನಿಂದ ಬಂದಿರಬಾರದು.